ಒಬ್ಬರೇ ಮಂಜಣ್ಣ, ಫೋನಿನಲ್ಲಿ ಮೂವರು: ಡಬಲ್ ಆದ ನಂಬರುಗಳನ್ನು ಸರಿಪಡಿಸುವುದು ಹೇಗೆ?

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದೇನೆ. ಹೋದ ತಿಂಗಳು ಹೊಸ ಆಂಡ್ರಾಯ್ಡ್ ಫೋನ್ ತಗೊಂಡು ನನ್ನ ಸ್ವಂತ ಜಿಮೇಲ್, ಅಂಗಡಿಯ ಜಿಮೇಲ್ ಎರಡನ್ನೂ ಹಾಕಿದೆ. ಸಿಮ್‌ನಲ್ಲಿದ್ದ ನಂಬರುಗಳನ್ನೂ ಇಂಪೋರ್ಟ್ ಮಾಡಿದೆ. 900 ಚಿಲ್ಲರೆ ಇದ್ದ ಹೆಸರು ಈಗ 2,400 ಆಗಿವೆ. ಸಿಮೆಂಟ್ ಮಂಜಣ್ಣ ಮೂರು ಕಡೆ ಕಾಣುತ್ತಾರೆ. ಕೆಲವನ್ನು ಅಳಿಸಿದೆ, ಮಾರನೇ ದಿನ ವಾಪಸ್ ಬಂದವು. ಕ್ಯಾಲೆಂಡರ್‌ನಲ್ಲಿ ಹುಟ್ಟುಹಬ್ಬ, ಸರ್ಕಾರಿ ರಜೆ ಎಲ್ಲ ಎರಡೆರಡು. ಮರ್ಜ್ ಮಾಡಿದರೆ ನಂಬರುಗಳೇ ಹೋಗಿಬಿಡುತ್ತವೆ ಎಂದು ಮೊಬೈಲ್ ಅಂಗಡಿಯವರು ಹೇಳಿದರು. ಅಂಗಡಿಯ ಜಿಮೇಲ್ ನಮ್ಮ ಹುಡುಗನ ಫೋನಲ್ಲೂ ಇದೆ. ಕ್ಲೀನರ್ ಆಪ್ ಹಾಕಿ ಸರಿ ಮಾಡಬಹುದೇ?

ಉತ್ತರ: ಮೊದಲು ಕೈ ನಿಲ್ಲಿಸಿ. ಇವತ್ತಿಗೆ ಇನ್ನು ಒಂದು ಹೆಸರನ್ನೂ ಅಳಿಸಬೇಡಿ, ಕ್ಲೀನರ್ ಆಪ್ ಅಂತೂ ಬೇಡವೇ ಬೇಡ. ಈಗಾಗಲೇ ಅಳಿಸಿದ್ದರಲ್ಲಿ ಬೇಕಾದ ನಂಬರ್ ಹೋಗಿದೆ ಎಂಬ ಅನುಮಾನ ಇದ್ದರೆ ಕಂಪ್ಯೂಟರಿನಲ್ಲಿ contacts.google.com ತೆರೆದು ಎಡಗಡೆಯ Trash ಒತ್ತಿ ನೋಡಿ. ಗೂಗಲ್ ಅಕೌಂಟಿನಿಂದ ಅಳಿಸಿದ ಹೆಸರುಗಳು ಅಲ್ಲಿ 30 ದಿನ ಇರುತ್ತವೆ. ಫೋನಿನ ಸ್ವಂತ ಮೆಮೊರಿಯಿಂದ ಅಥವಾ ಸಿಮ್‌ನಿಂದ ಅಳಿಸಿದ್ದು ಅಲ್ಲಿ ಸಿಗುವುದಿಲ್ಲ. ಅದಕ್ಕೇ ಅವಸರ ಬೇಡ ಎಂದೆ.

ನಿಮ್ಮ ಫೋನಿನಲ್ಲಿ ಕಾಣುವ ಪಟ್ಟಿಯನ್ನು ಒಂದೇ ಪುಸ್ತಕ ಅಂದುಕೊಂಡಿದ್ದೀರಿ, ಅಲ್ವಾ? ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ನಿಜವಾಗಿ ಅಲ್ಲಿರುವುದು ನಾಲ್ಕು ಪುಸ್ತಕ. ನಿಮ್ಮ ಸ್ವಂತ ಜಿಮೇಲ್‌ನದು ಒಂದು, ಅಂಗಡಿ ಜಿಮೇಲ್‌ನದು ಒಂದು, ಫೋನಿನ ಮೆಮೊರಿಯದು ಒಂದು, ಸಿಮ್‌ನದು ಒಂದು. ಕಾಂಟ್ಯಾಕ್ಟ್ ಆಪ್ ಮಾಡುವ ಕೆಲಸ ಇಷ್ಟೇ: ನಾಲ್ಕನ್ನೂ ಮುಂದಿಟ್ಟುಕೊಂಡು ಅಕ್ಷರಕ್ರಮದಲ್ಲಿ ಒಟ್ಟಿಗೆ ಓದಿ ತೋರಿಸುತ್ತದೆ. ಎರಡು ಪುಸ್ತಕದಲ್ಲಿ ಒಂದೇ ಹೆಸರು, ಒಂದೇ ನಂಬರ್ ಇದ್ದರೆ ಎಷ್ಟೋ ಸಲ ತಾನೇ ಜೋಡಿಸಿ ಒಂದೇ ಸಾಲಾಗಿ ತೋರಿಸುತ್ತದೆ. ಹೆಸರಿನಲ್ಲಿ ಸ್ವಲ್ಪ ವ್ಯತ್ಯಾಸ ಇದ್ದರೂ ಅದಕ್ಕೆ ಗೊತ್ತಾಗದೆ ಎರಡು ಸಾಲಾಗುತ್ತದೆ.

ಇಲ್ಲೊಂದು ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. ಎರಡು ಜಿಮೇಲ್ ಹಾಕಿದ ಕೂಡಲೇ ಒಂದರ ಹೆಸರುಗಳು ಇನ್ನೊಂದಕ್ಕೆ ಹೋಗಿ ಸೇರಿಕೊಳ್ಳುತ್ತವೆ ಎಂದು. ಹಾಗೆ ಆಗುವುದಿಲ್ಲ. ಒಂದೇ ಫೋನಿನಲ್ಲಿ ಎರಡು ಗೂಗಲ್ ಅಕೌಂಟ್ ಇದ್ದರೂ ಅವು ತಂತಾನೇ ಬೆರೆಯುವುದಿಲ್ಲ. ಬೆರೆಯಬೇಕಾದರೆ ಯಾರಾದರೂ ಇಂಪೋರ್ಟ್ ಮಾಡಿರಬೇಕು, ಇಲ್ಲವೇ ಅದೇ ಕೆಲಸಕ್ಕೆ ಒಂದು ಆಪ್ ಕೂತಿರಬೇಕು.

ಹಾಗಾದರೆ ಇಂಪೋರ್ಟ್ ಮಾಡಿದಾಗ ಯಾಕೆ ಡಬಲ್ ಆಗುತ್ತದೆ? ಹೆಸರು ಒಂದೇ, ನಂಬರ್ ಒಂದೇ ಎಂದು ಯಂತ್ರಕ್ಕೆ ಕಾಣುವುದಿಲ್ಲವೇ? ಅಕೌಂಟನ್ನೂ ಫೋನನ್ನೂ ಒಂದಕ್ಕೊಂದು ಹೊಂದಿಸಿ ಇಡುವ ಸಿಂಕ್ ವ್ಯವಸ್ಥೆ ಮನುಷ್ಯರನ್ನು ಹೆಸರಿನಿಂದ ಗುರುತು ಹಿಡಿಯುವುದಿಲ್ಲ. ಪ್ರತಿ ಹೆಸರಿಗೂ ಒಳಗೊಳಗೇ ಒಂದು ಗುರುತಿನ ಸಂಖ್ಯೆ ಇರುತ್ತದೆ. ರೇಷನ್ ಕಾರ್ಡಿಗೆ ನಂಬರ್ ಇದ್ದ ಹಾಗೆ. ಒಂದೇ ಅಕೌಂಟ್ ಹತ್ತು ಫೋನಿನಲ್ಲಿ ಇದ್ದರೂ ಆ ಗುರುತು ಒಂದೇ ಆಗಿರುತ್ತದೆ, ಹಾಗಾಗಿ ಡಬಲ್ ಆಗುವುದಿಲ್ಲ. ಆದರೆ ಫೋನಿನಿಂದ ಫೈಲಿಗೆ ಇಳಿಸಿ, ಆ ಫೈಲನ್ನು ಮತ್ತೆ ಏರಿಸಿದಾಗ ಆ ಗುರುತು ಸಾಮಾನ್ಯವಾಗಿ ಜೊತೆಗೆ ಬರುವುದಿಲ್ಲ. ಅಂಥ ಫೈಲಿಗೆ vCard ಎನ್ನುತ್ತಾರೆ, ಅದರ ಹೆಸರಿನ ಕೊನೆಗೆ .vcf ಇರುತ್ತದೆ. ಅದರ ಒಳಗೆ ಒಂದು ಹೆಸರು ಹೀಗಿರುತ್ತದೆ:

```
BEGIN:VCARD
VERSION:3.0
N:Cement;Manjanna;;;
FN:Manjanna Cement
TEL;TYPE=CELL:+9198XXXXXXXX
END:VCARD
```

ನೋಡಿ, ಹೆಸರಿದೆ, ನಂಬರಿದೆ. "ಇವರು ನಿಮ್ಮಲ್ಲಿ ಆಗಲೇ ಇರುವ ಮಂಜಣ್ಣನೇ" ಎಂದು ಹೇಳುವ ಸಾಲು ಇಲ್ಲ. ಗೂಗಲ್ ಇದನ್ನು ಹೊಸಬರು ಎಂದೇ ಬರೆದುಕೊಳ್ಳುತ್ತದೆ. ಅದೇ ಫೈಲನ್ನು ಎರಡು ಸಲ ಏರಿಸಿದರೆ ಎರಡು ಸಲ ಬರೆದುಕೊಳ್ಳುತ್ತದೆ.

ಸಿಮ್‌ನ ಕಥೆ ಇನ್ನೂ ಸ್ವಲ್ಪ ಕಷ್ಟದ್ದು. ಸಿಮ್‌ನಲ್ಲಿ ಜಾಗ ಬಹಳ ಕಡಿಮೆ. ಉದ್ದ ಹೆಸರು ಅರ್ಧಕ್ಕೇ ತುಂಡಾಗುತ್ತದೆ. ಒಬ್ಬರಿಗೆ ಎರಡು ನಂಬರ್ ಇದ್ದರೆ ಸಿಮ್‌ನಲ್ಲಿ ಅದು ಎರಡು ಹೆಸರಾಗಿ ಒಡೆಯುವುದೂ ಉಂಟು. ಹಾಗಾಗಿ ಜಿಮೇಲ್‌ನಲ್ಲಿ "Manjanna Cement Bhadravathi" ಎಂದು ಇರುವವರು ಸಿಮ್‌ನಿಂದ ಬಂದಾಗ "Manjanna Ceme" ಆಗಿರುತ್ತಾರೆ. ನೀವೇ ಒಮ್ಮೆ ಕನ್ನಡದಲ್ಲಿ "ಮಂಜಣ್ಣ" ಎಂದು ಸೇವ್ ಮಾಡಿದ್ದರೆ ಅದು ಮೂರನೆಯದು. ನಿಮ್ಮ ಮೂವರು ಮಂಜಣ್ಣಂದಿರು ಹುಟ್ಟಿದ್ದು ಬಹುಶಃ ಹೀಗೇ.

ಈಗ ನಿಮ್ಮಲ್ಲಿ ಇರುವುದು ಯಾವ ಥರದ ಡಬಲ್ ಎಂದು ನೋಡಿಕೊಳ್ಳಬೇಕು. ಔಷಧಿ ಬೇರೆ ಬೇರೆ. ಮಂಜಣ್ಣನ ಮೂರು ಸಾಲಿನಲ್ಲಿ ಒಂದೊಂದನ್ನೂ ತೆರೆದು ಎಡಿಟ್ ಪೆನ್ಸಿಲ್ ಒತ್ತಿ. ಅದು ಯಾವ ಅಕೌಂಟಿನಲ್ಲಿ ಸೇವ್ ಆಗಿದೆ ಎಂದು ಅಲ್ಲಿ ಕಾಣುತ್ತದೆ: ಒಂದು ಜಿಮೇಲ್ ವಿಳಾಸ, ಅಥವಾ Device, ಅಥವಾ SIM. ಮೂರೂ ಬೇರೆ ಬೇರೆ ಕಡೆಯವಾದರೆ ಅದು ಬರೀ ನೋಟದ ಡಬಲ್. ಪುಸ್ತಕ ಮೂರು, ಒಂದೊಂದರಲ್ಲೂ ಮಂಜಣ್ಣ ಒಂದೇ ಸಲ ಇದ್ದಾರೆ. ಎರಡು ಸಾಲು ಒಂದೇ ಜಿಮೇಲ್‌ನಲ್ಲಿದ್ದರೆ ಅದು ನಿಜವಾದ ಡಬಲ್. ಹತ್ತು ಹನ್ನೆರಡು ಹೆಸರುಗಳಿಗೆ ಹೀಗೆ ಮಾಡಿ ನೋಡಿ. ಐದು ನಿಮಿಷದಲ್ಲಿ ನಿಮ್ಮ ರೋಗ ಯಾವುದೆಂದು ತಿಳಿಯುತ್ತದೆ.

ಕಂಪ್ಯೂಟರಿನಲ್ಲಿ contacts.google.com ತೆರೆದರೆ ಇನ್ನೊಂದು ಸುಳಿವು ಸಿಗುತ್ತದೆ. ಎಡಗಡೆ ಲೇಬಲ್‌ಗಳ ಸಾಲಿನಲ್ಲಿ Imported on ಎಂದು ದಿನಾಂಕದ ಸಮೇತ ಏನಾದರೂ ಇದೆಯೇ ನೋಡಿ. ಅಲ್ಲಿ ಫೈಲ್ ಇಂಪೋರ್ಟ್ ಮಾಡಿದಾಗ ಗೂಗಲ್ ತಾನೇ ಹಾಕುವ ಚೀಟಿ ಅದು. ಯಾವ ದಿನ, ಎಷ್ಟು ಹೆಸರು ಒಳಗೆ ಬಂದವು ಎಂದು ಅದೇ ಹೇಳುತ್ತದೆ. ಒಂದೇ ದಿನದ ಎರಡು ಚೀಟಿ ಕಂಡರೆ ಫೈಲ್ ಎರಡು ಸಲ ಏರಿದೆ ಎಂದು ಅರ್ಥ.

ಅಳಿಸಿದ ಹೆಸರು ವಾಪಸ್ ಬಂದದ್ದು ಯಾಕೆ ಎಂದು ಈಗ ಹೇಳಬಹುದು. ಅಳಿಸಿದ್ದು ವಾಪಸ್ ಬಂತು ಎಂದರೆ ಅದರ ಇನ್ನೊಂದು ಪ್ರತಿ ಎಲ್ಲೋ ಉಳಿದಿದೆ ಎಂದರ್ಥ. ಒಂದೋ ಬೇರೆ ಪುಸ್ತಕದಲ್ಲಿದ್ದ ಪ್ರತಿ ಈಗ ಮೇಲೆ ಬಂದು ಕಾಣುತ್ತಿದೆ, ಇಲ್ಲವೇ ಒಂದು ಆಪ್ ಮತ್ತೆ ಮತ್ತೆ ತಂದು ಬರೆಯುತ್ತಿದೆ. ನಾನು ನೋಡಿದ ಫೋನುಗಳಲ್ಲಿ ಜಾಸ್ತಿ ಸಿಕ್ಕಿದ್ದು ಔಟ್‌ಲುಕ್ ಥರದ ಮೇಲ್ ಆಪ್. ಅದರ ಸೆಟ್ಟಿಂಗ್‌ನಲ್ಲಿ ಕಾಂಟ್ಯಾಕ್ಟ್ ಸಿಂಕ್ ಆನ್ ಆಗಿದ್ದರೆ ಅದು ತನ್ನ ಹೆಸರುಗಳನ್ನು ಫೋನಿನ ಪಟ್ಟಿಗೂ ಹಾಕುತ್ತದೆ. ಕಂಪ್ಯೂಟರಿನಲ್ಲಿ ಎರಡು ಅಕೌಂಟ್ ಹೊಂದಿಸುವ ಸಾಫ್ಟ್‌ವೇರ್ ಇದ್ದರಂತೂ ಇನ್ನೂ ತಾಪತ್ರಯ. ಎ ಇಂದ ಬಿ ಗೆ ಹೋದದ್ದು ಬಿ ಇಂದ ಮತ್ತೆ ಎ ಗೆ ಹೊಸಬರಾಗಿ ಬರುತ್ತದೆ. ಎರಡು ಇದ್ದದ್ದು ನಾಲ್ಕು, ನಾಲ್ಕು ಎಂಟು.

ಅಂಥ ಆಪ್ ಇದೆಯೇ ಎಂದು ಪರೀಕ್ಷಿಸಲು ಸುಲಭದ ದಾರಿ ಇದೆ. ಕಂಪ್ಯೂಟರಿನಲ್ಲಿ ನಿಮ್ಮ ಸ್ವಂತ ಜಿಮೇಲ್‌ನ ಕಾಂಟ್ಯಾಕ್ಟ್ಸ್‌ನಲ್ಲಿ "ZZ Test" ಎಂದು ಒಂದು ಸುಳ್ಳು ಹೆಸರು ಸೇರಿಸಿ. ಒಂದು ದಿನ ಬಿಡಿ. ಮಾರನೇ ದಿನ ಅಂಗಡಿ ಜಿಮೇಲ್ ತೆರೆದು ಅದೇ ಹೆಸರು ಹುಡುಕಿ. ಅಲ್ಲೂ ಸಿಕ್ಕಿದರೆ ಎರಡರ ನಡುವೆ ಯಾವುದೋ ಆಪ್ ಓಡಾಡುತ್ತಿದೆ. ಅದನ್ನು ಹುಡುಕಿ ನಿಲ್ಲಿಸುವ ತನಕ ಸ್ವಚ್ಛ ಮಾಡಿ ಪ್ರಯೋಜನವಿಲ್ಲ. ಸಿಗದಿದ್ದರೆ ನಿಶ್ಚಿಂತೆಯಿಂದ ಮುಂದೆ ಹೋಗಿ.

ಇನ್ನು ಮರ್ಜ್ ಬಗ್ಗೆ ಮೊಬೈಲ್ ಅಂಗಡಿಯವರು ಹೇಳಿದ ಮಾತು. ಗೂಗಲ್‌ನ Merge & fix ಎರಡು ಹೆಸರನ್ನು ಸೇರಿಸಿದಾಗ ನಂಬರುಗಳನ್ನು ಎಸೆಯುವುದಿಲ್ಲ. ಎರಡರಲ್ಲೂ ಇದ್ದ ನಂಬರ್, ಇಮೇಲ್ ಒಂದೇ ಹೆಸರಿನ ಕೆಳಗೆ ಸೇರುತ್ತವೆ. ಒಂದೇ ನಂಬರ್ +91 ಇರುವುದು ಒಂದು, ಇಲ್ಲದ್ದು ಒಂದು ಎಂದು ಎರಡು ಸಾಲಾಗಿ ಉಳಿಯಬಹುದು, ಅಷ್ಟೇ. ವಾಟ್ಸಾಪ್ ಮಾತುಕತೆಗೂ ಏನೂ ಆಗುವುದಿಲ್ಲ. ಅದು ನಂಬರಿಗೆ ಅಂಟಿಕೊಂಡಿರುತ್ತದೆ, ನೀವು ಇಟ್ಟ ಹೆಸರಿಗಲ್ಲ.

ಆದರೂ ಅವರ ಹೆದರಿಕೆಯನ್ನು ನಾನು ತಳ್ಳಿಹಾಕುವುದಿಲ್ಲ. ಮರ್ಜ್‌ನಲ್ಲಿ ನಿಜವಾದ ಅಪಾಯ ಬೇರೆ ಕಡೆ ಇದೆ. ನಿಮ್ಮಂಥ ಅಂಗಡಿಯವರ ಫೋನಿನಲ್ಲಿ "Manju" ಎಂದು ಇಬ್ಬರು ಇರುತ್ತಾರೆ, ಒಬ್ಬರು ಪ್ಲಂಬರ್, ಒಬ್ಬರು ಲಗೇಜ್ ಆಟೋದವರು. "Driver" ಎಂದು ನಾಲ್ವರು ಇರುತ್ತಾರೆ. ಅಪ್ಪ ಮಗ ಇಬ್ಬರ ಹೆಸರಿನಲ್ಲೂ ಅಂಗಡಿಯ ಒಂದೇ ಲ್ಯಾಂಡ್‌ಲೈನ್ ಇರುತ್ತದೆ. ಹೆಸರು ಒಂದೇ ಎಂದೋ ನಂಬರ್ ಒಂದೇ ಎಂದೋ ಗೂಗಲ್ ಇವರನ್ನೂ ಸೇರಿಸಬಹುದೇ ಎಂದು ಕೇಳುತ್ತದೆ. Merge all ಒತ್ತಿದರೆ ಇಬ್ಬರು ಮಂಜು ಒಬ್ಬರಾಗುತ್ತಾರೆ. ಆಮೇಲೆ ಪ್ಲಂಬರ್‌ಗೆ ಮಾಡಿದ ಫೋನು ಆಟೋದವರಿಗೆ ಹೋಗುತ್ತದೆ. ಆದ್ದರಿಂದ Merge all ಮುಟ್ಟಬೇಡಿ. ಒಂದೊಂದೇ ಜೋಡಿ ನೋಡಿ, ನಂಬರ್ ಒಂದೇ ಆಗಿದ್ದು ವ್ಯಕ್ತಿಯೂ ಒಬ್ಬರೇ ಎಂದು ಖಾತ್ರಿ ಇದ್ದರೆ ಮಾತ್ರ ಸೇರಿಸಿ. ಹೆಸರು ಒಂದೇ ಇದ್ದು ನಂಬರ್ ಬೇರೆ ಇದ್ದರೆ Dismiss ಒತ್ತಿ ಮುಂದೆ ಹೋಗಿ.

ಇನ್ನೊಂದು ವಿಷಯ. ಕೆಲವು ಫೋನಿನಲ್ಲಿ Link ಎಂಬ ಆಯ್ಕೆ ಇರುತ್ತದೆ. ಅದು ಮರ್ಜ್ ಅಲ್ಲ. ಎರಡು ಪುಸ್ತಕದ ಎರಡು ಹೆಸರಿಗೆ ರಬ್ಬರ್ ಬ್ಯಾಂಡ್ ಹಾಕಿ ಒಂದಾಗಿ ತೋರಿಸುವುದು. ಬಿಚ್ಚಿದರೆ ಮತ್ತೆ ಎರಡು. ಅಪಾಯವಿಲ್ಲ, ಆದರೆ ಒಳಗಿನ ಡಬಲ್ ಹಾಗೇ ಇರುತ್ತದೆ, ಮುಂದಿನ ಫೋನಿನಲ್ಲಿ ಮತ್ತೆ ತಲೆ ಎತ್ತಬಹುದು.

ಕೆಲಸ ಹೇಗೆ ನಡೆಯುತ್ತದೆ ಎಂದು ಒಂದು ಫೋನಿನ ಕಥೆಯಿಂದಲೇ ಹೇಳುತ್ತೇನೆ. ಹಾವೇರಿ ಕಡೆಯ ಬೀಜ ಗೊಬ್ಬರದ ವ್ಯಾಪಾರಿಯೊಬ್ಬರು ತಂದ ಫೋನು ಹೆಚ್ಚು ಕಡಿಮೆ ನಿಮ್ಮದರ ಹಾಗೇ ಇತ್ತು. ಒಟ್ಟು 2,610 ಹೆಸರು. ಅಕೌಂಟ್ ಪ್ರಕಾರ ಬೇರೆ ಮಾಡಿದಾಗ ಸ್ವಂತ ಜಿಮೇಲ್‌ನಲ್ಲಿ 1,180, ಅಂಗಡಿ ಜಿಮೇಲ್‌ನಲ್ಲಿ 870, ಫೋನ್ ಮೆಮೊರಿಯಲ್ಲಿ 380, ಸಿಮ್‌ನಲ್ಲಿ 180 ಇದ್ದವು.

ಮೊದಲ ಕೆಲಸ ಬ್ಯಾಕಪ್. ಎರಡೂ ಜಿಮೇಲ್‌ನಿಂದ ಕಂಪ್ಯೂಟರಿನಲ್ಲಿ Export ಒತ್ತಿ ತಲಾ ಎರಡು ಫೈಲ್ ಇಳಿಸಿಕೊಂಡೆವು, ಒಂದು Google CSV, ಒಂದು vCard. ಫೋನ್ ಮೆಮೊರಿಯಲ್ಲಿದ್ದವನ್ನು ಕಾಂಟ್ಯಾಕ್ಟ್ ಆಪ್‌ನಿಂದಲೇ .vcf ಫೈಲಾಗಿ ಹೊರಗೆ ತೆಗೆದೆವು. ಎಲ್ಲವನ್ನೂ ಒಂದು ಪೆನ್‌ಡ್ರೈವ್‌ಗೆ ಹಾಕಿ ಪಕ್ಕಕ್ಕಿಟ್ಟೆವು. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಆ CSV ಫೈಲನ್ನು ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಬೇಡಿ. ಎಕ್ಸೆಲ್ ಫೋನ್ ನಂಬರನ್ನು ಲೆಕ್ಕದ ಸಂಖ್ಯೆ ಅಂದುಕೊಂಡು 9.19845E+11 ಎಂದು ಮಾಡುತ್ತದೆ. ಲ್ಯಾಂಡ್‌ಲೈನ್‌ನ ಮುಂದಿನ ಸೊನ್ನೆ ಹಾರಿಹೋಗುತ್ತದೆ. ಕನ್ನಡದ ಹೆಸರುಗಳು ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುವುದೂ ಉಂಟು. ಹಾಗೇ ಸೇವ್ ಮಾಡಿದ ಫೈಲಿನಿಂದ ಆ ನಂಬರುಗಳನ್ನು ಮತ್ತೆ ಪಡೆಯಲು ಆಗುವುದಿಲ್ಲ. ಅವರ ಮಗ ಮನೆಯಲ್ಲಿ ಹೀಗೇ ಮಾಡಿದ್ದ. ಮೂಲ ಇನ್ನೂ ಅಕೌಂಟಿನಲ್ಲಿ ಇದ್ದದ್ದರಿಂದ ಉಳಿದುಕೊಂಡೆವು.

ಆಮೇಲೆ ಸ್ವಂತ ಜಿಮೇಲನ್ನೇ ಮನೆ ಎಂದು ಗೊತ್ತು ಮಾಡಿಕೊಂಡೆವು. ಇನ್ನು ಮುಂದೆ ಎಲ್ಲರೂ ಅಲ್ಲೇ ವಾಸ. ಮೊದಲು ಆ ಮನೆಯೊಳಗಿನ ಡಬಲ್ ತೆಗೆದೆವು. Merge & fix ತೋರಿಸಿದ ಜೋಡಿಗಳನ್ನು ಅವರೇ ಕೂತು ಒಂದೊಂದಾಗಿ ನೋಡಿದರು. ನನಗೆ ಅವರ ಗಿರಾಕಿಗಳು ಯಾರು ಎಂದು ಗೊತ್ತಿಲ್ಲವಲ್ಲ, ಆ ಕೆಲಸ ಫೋನಿನ ಯಜಮಾನರೇ ಮಾಡಬೇಕು. ಹನ್ನೊಂದು ಜೋಡಿ ಬೇರೆ ಬೇರೆ ಜನ ಎಂದು ಬಿಟ್ಟರು. 1,180 ಇದ್ದದ್ದು 796ಕ್ಕೆ ಇಳಿಯಿತು. ಆಮೇಲೆ ಅಂಗಡಿ ಜಿಮೇಲ್‌ನ 870ರ vCard ಫೈಲನ್ನು ಸ್ವಂತ ಜಿಮೇಲ್‌ಗೆ ಇಂಪೋರ್ಟ್ ಮಾಡಿ ಮತ್ತೆ Merge & fix. ಫೋನ್ ಮೆಮೊರಿಯ 380ಕ್ಕೂ ಹಾಗೇ. ಇದರ ಕೊನೆಗೆ ನಿಂತದ್ದು 994 ಹೆಸರು. ಒಂದೊಂದೇ ಗುಂಪು ಒಳಗೆ ತಂದು, ಅದನ್ನು ಸರಿ ಮಾಡಿ, ಆಮೇಲೆ ಇನ್ನೊಂದು ತರಬೇಕು. ಎಲ್ಲ ಒಟ್ಟಿಗೆ ಸುರಿದುಕೊಂಡರೆ ಎಲ್ಲಿ ತಪ್ಪಾಯಿತು ಎಂದು ಹಿಡಿಯಲು ಆಗುವುದಿಲ್ಲ.

ಸಿಮ್‌ನ 180ನ್ನು ಇಂಪೋರ್ಟ್ ಮಾಡಲಿಲ್ಲ. ತುಂಡು ಹೆಸರುಗಳು ಮತ್ತೆ ಒಳಗೆ ಬರುವುದು ಬೇಡ ಎಂದು ಪಟ್ಟಿ ಮುಂದಿಟ್ಟುಕೊಂಡು ಹೋಲಿಸಿ ನೋಡಿದೆವು. ಬೇರೆಲ್ಲೂ ಇಲ್ಲದ ನಂಬರ್ ಸಿಕ್ಕಿದ್ದು ಬರೀ ಏಳು. ಅವನ್ನು ಕೈಯಿಂದ ಸೇರಿಸಿದೆವು. ಒಟ್ಟು 1,001.

ಗೂಗಲ್ ಕೈಗೆ ಸಿಗದೆ ಉಳಿದ ಡಬಲ್‌ಗಳೂ ಇದ್ದವು. ಕನ್ನಡದಲ್ಲಿ ಒಂದು, ಇಂಗ್ಲಿಷಿನಲ್ಲಿ ಒಂದು ಬರೆದ ಹೆಸರು, ಅದರಲ್ಲಿ ನಂಬರ್ ಕೂಡ ಬೇರೆ ಥರ ಬರೆದಿದ್ದರೆ ಅದು ಹಿಡಿಯುವುದಿಲ್ಲ. ನಿಮ್ಮ ಊರಿನಲ್ಲಿ ಇದು ಲ್ಯಾಂಡ್‌ಲೈನ್‌ಗೆ ಜಾಸ್ತಿ ಆಗುತ್ತದೆ. ಒಂದು ಕಡೆ 08182 ಸೇರಿಸಿ ಬರೆದಿರುತ್ತೀರಿ, ಇನ್ನೊಂದು ಕಡೆ ಬರೀ ಆರು ಅಂಕಿ. ಯಂತ್ರಕ್ಕೆ ಅವು ಎರಡು ಬೇರೆ ನಂಬರ್. ಇಂಥವನ್ನು ಕಂಡಾಗ ಕಂಡಾಗ ಕೈಯಿಂದಲೇ ಸೇರಿಸಬೇಕು. ವೆಬ್‌ನಲ್ಲಿ ಎರಡೂ ಹೆಸರಿನ ಮುಂದೆ ಟಿಕ್ ಮಾಡಿದರೆ ಮೇಲೆ Merge ಬರುತ್ತದೆ.

ನಡುವೆ ಏನಾದರೂ ಕೆಟ್ಟರೆ? ವೆಬ್‌ನಲ್ಲಿ ಮೇಲೆ ಗೇರ್ ಗುರುತು ಒತ್ತಿದರೆ Undo changes ಎಂದಿದೆ. 10 ನಿಮಿಷ, ಒಂದು ಗಂಟೆ, ನಿನ್ನೆ, ಒಂದು ವಾರ, ಹೀಗೆ 30 ದಿನದವರೆಗೆ ಹಿಂದಕ್ಕೆ ಹೋಗಬಹುದು. ಒಂದು ಮಿತಿ ನೆನಪಿರಲಿ. ಅದು ಒಂದು ಹೆಸರನ್ನು ಮಾತ್ರ ಹಿಂದಕ್ಕೆ ತರುವುದಿಲ್ಲ. ಆ ಅಕೌಂಟಿನ ಇಡೀ ಪಟ್ಟಿಯನ್ನು ಅಂದು ಹೇಗಿತ್ತೋ ಹಾಗೆ ಮಾಡುತ್ತದೆ. ನಡುವೆ ಸೇರಿಸಿದ ಹೊಸ ನಂಬರುಗಳು ಪಟ್ಟಿಯಿಂದ ಹೋಗುತ್ತವೆ. ಹಾಗಾಗಿ ಅದನ್ನು ಒತ್ತುವ ಮುಂಚೆ ಇನ್ನೊಮ್ಮೆ Export ಮಾಡಿಕೊಳ್ಳಿ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ನಿಮ್ಮ ಅಂಗಡಿ ಜಿಮೇಲ್ ಹುಡುಗನ ಫೋನಿನಲ್ಲೂ ಇದೆ ಎಂದಿದ್ದೀರಿ. ಇದು ಬಹಳ ಮುಖ್ಯ. ಅಂಗಡಿ ಜಿಮೇಲ್‌ನಿಂದ ನೀವು ಅಳಿಸಿದ್ದು ಅವರ ಫೋನಿನಿಂದಲೂ ಹೋಗುತ್ತದೆ. ಅದೇ ರೀತಿ ಮನೆಯವರ, ಡಾಕ್ಟರ, ಬ್ಯಾಂಕಿನವರ ನಂಬರನ್ನು ಅಂಗಡಿ ಜಿಮೇಲ್‌ಗೆ ಸೇರಿಸಿದರೆ ಹುಡುಗನ ಫೋನಿನಲ್ಲೂ ಕಾಣುತ್ತದೆ. ಆದ್ದರಿಂದ ಅಂಗಡಿ ಜಿಮೇಲನ್ನು ಎಲ್ಲದಕ್ಕೂ ಮನೆ ಮಾಡಿಕೊಳ್ಳಬೇಡಿ.

ನಿಮಗೆ ಎರಡು ದಾರಿ ಇದೆ. ಒಂದು, ಹಾವೇರಿಯವರ ಹಾಗೆ ಎಲ್ಲವನ್ನೂ ಸ್ವಂತ ಜಿಮೇಲ್‌ಗೆ ತಂದುಕೊಳ್ಳುವುದು. ಅಂಗಡಿ ಜಿಮೇಲ್‌ನ ಪಟ್ಟಿಯನ್ನು ಮುಟ್ಟದೆ ಹಾಗೇ ಬಿಟ್ಟು, ನಿಮ್ಮ ಫೋನಿನಲ್ಲಿ ಮಾತ್ರ ಅದರ ಕಾಂಟ್ಯಾಕ್ಟ್ ಸಿಂಕ್ ನಿಲ್ಲಿಸುವುದು. ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್‌ಗಳ ಕಡೆ ಹೋಗಿ, ಅಂಗಡಿ ಜಿಮೇಲ್ ಒತ್ತಿ, Account sync ಒಳಗೆ Contacts ಮಾತ್ರ ಆಫ್ ಮಾಡಿ. ಮೇಲ್ ಬರುತ್ತಲೇ ಇರುತ್ತದೆ. ಹೆಸರುಗಳು ವೆಬ್‌ನಲ್ಲೂ ಹುಡುಗನ ಫೋನಿನಲ್ಲೂ ಇರುತ್ತವೆ. ಆಫ್ ಮಾಡಿದ ಮೇಲೂ ಅವು ನಿಮ್ಮ ಪಟ್ಟಿಯಲ್ಲಿ ಕಾಣುತ್ತಿದ್ದರೆ, ಕಾಂಟ್ಯಾಕ್ಟ್ ಆಪ್‌ನಲ್ಲಿ ಸ್ವಂತ ಅಕೌಂಟನ್ನು ಮಾತ್ರ ತೋರಿಸುವಂತೆ ಆರಿಸಿಕೊಳ್ಳಿ. ಈ ದಾರಿಯಲ್ಲಿ ನೀವು ಸೇರಿಸಿದ ಹೊಸ ಸಪ್ಲೈಯರ್ ನಂಬರ್ ಹುಡುಗನಿಗೆ ತಾನಾಗಿ ಹೋಗುವುದಿಲ್ಲ, ವಾಟ್ಸಾಪ್‌ನಲ್ಲಿ ಕಳಿಸಬೇಕಾಗುತ್ತದೆ.

ಇನ್ನೊಂದು ದಾರಿ, ಅಂಗಡಿಯವರೆಲ್ಲ ಅಂಗಡಿ ಜಿಮೇಲ್‌ನಲ್ಲಿ, ಮನೆಯವರೆಲ್ಲ ಸ್ವಂತ ಜಿಮೇಲ್‌ನಲ್ಲಿ, ಯಾರೂ ಎರಡೂ ಕಡೆ ಇಲ್ಲದ ಹಾಗೆ ವಿಂಗಡಿಸುವುದು. ನಿಮ್ಮ ಫೋನಿನಲ್ಲಿ ಎರಡೂ ಕಾಣುತ್ತವೆ, ಹುಡುಗನಿಗೆ ಅಂಗಡಿಯವು ಮಾತ್ರ. ವ್ಯಾಪಾರಕ್ಕೆ ಇದೇ ಚೆನ್ನ. ಆದರೆ ವಿಂಗಡಿಸುವ ಕೆಲಸಕ್ಕೆ ಮೂರು ನಾಲ್ಕು ಸಂಜೆ ಬೇಕು, ಪ್ರತಿ ಹೊಸ ನಂಬರ್ ಸೇವ್ ಮಾಡುವಾಗಲೂ ಯಾವ ಅಕೌಂಟ್ ಎಂದು ನೋಡುವ ಅಭ್ಯಾಸ ಬೇಕು. ಆ ಅಭ್ಯಾಸ ಕಷ್ಟ ಅನ್ನಿಸಿದರೆ ಮೊದಲ ದಾರಿ ಹಿಡಿಯಿರಿ. ನಿಮ್ಮ ಜಾಗದಲ್ಲಿ ನಾನಿದ್ದರೆ ಈಗ ಮೊದಲ ದಾರಿ ಹಿಡಿದು ಫೋನ್ ಸರಿ ಮಾಡಿಕೊಂಡು, ಬಿಡುವಾದಾಗ ಎರಡನೆಯದನ್ನು ಯೋಚಿಸುತ್ತಿದ್ದೆ.

ಕ್ಲೀನರ್ ಆಪ್ ಬೇಡ ಎಂದದ್ದಕ್ಕೆ ಕಾರಣ ಹೇಳಬೇಕು. ಅದಕ್ಕೆ ನಿಮ್ಮ ಇಡೀ ಪಟ್ಟಿ ಓದುವ, ಬದಲಿಸುವ ಅನುಮತಿ ಕೊಡಬೇಕು. ಅಷ್ಟೂ ಗಿರಾಕಿಗಳ ನಂಬರ್ ಗೊತ್ತಿಲ್ಲದವರ ಕೈಗೆ ಕೊಟ್ಟ ಹಾಗೆ. ಎರಡನೆಯದು, ಅದು ಫೋನಿನಲ್ಲಿ ಕಾಣುವ ನಾಲ್ಕೂ ಪುಸ್ತಕವನ್ನು ಒಂದೇ ಎಂದು ನೋಡಿ "ಡಬಲ್" ಅಳಿಸಬಹುದು. ಅಳಿಸಿದ್ದು ಅಂಗಡಿ ಜಿಮೇಲ್‌ನ ಪ್ರತಿಯಾದರೆ ಹುಡುಗನ ಫೋನ್ ಖಾಲಿಯಾಗುತ್ತದೆ.

ಇನ್ನು ಕ್ಯಾಲೆಂಡರ್. ಅಲ್ಲಿ ನೀವು ಹೇಳಿದ ಎರಡೂ ನೋಟದ ಡಬಲ್, ಹೆದರಬೇಡಿ. ಎರಡು ಅಕೌಂಟಿಗೂ ತಲಾ ಒಂದು ರಜೆಗಳ ಕ್ಯಾಲೆಂಡರ್, ತಲಾ ಒಂದು ಹುಟ್ಟುಹಬ್ಬದ ಕ್ಯಾಲೆಂಡರ್ ಇರುತ್ತದೆ. ಗೂಗಲ್ ಕ್ಯಾಲೆಂಡರ್ ಆಪ್‌ನ ಮೂರು ಗೆರೆ ಒತ್ತಿ ಕೆಳಗೆ ಬನ್ನಿ. ಪ್ರತಿ ಅಕೌಂಟಿನ ಕೆಳಗೆ Holidays in India, Birthdays ಎಂದು ಟಿಕ್ ಗುರುತುಗಳಿರುತ್ತವೆ. ಅಂಗಡಿ ಅಕೌಂಟಿನ ಕೆಳಗಿನ ಎರಡೂ ಟಿಕ್ ತೆಗೆಯಿರಿ. ರಜೆಗಳು ಅಷ್ಟಕ್ಕೇ ಸರಿಹೋಗುತ್ತವೆ. ಹುಟ್ಟುಹಬ್ಬ ಆಮೇಲೂ ಎರಡು ಕಂಡರೆ ಕ್ಯಾಲೆಂಡರ್‌ನಲ್ಲಿ ಅಳಿಸಲು ಹೋಗಬೇಡಿ. ಅದು ಕಾಂಟ್ಯಾಕ್ಟ್‌ನಲ್ಲಿ ಬರೆದ ತಾರೀಖಿನಿಂದ ಬರುತ್ತಿದೆ. ಆ ಹೆಸರು ಡಬಲ್ ಇರುವ ತನಕ ಹುಟ್ಟುಹಬ್ಬವೂ ಡಬಲ್. ಅದಕ್ಕೇ ನಂಬರುಗಳನ್ನು ಮೊದಲು ಸರಿ ಮಾಡಿ, ಕ್ಯಾಲೆಂಡರ್ ಆಮೇಲೆ.

ರೈಲಿನದೋ ವಿಮಾನದ್ದೋ ಟಿಕೆಟ್ ಎರಡು ಸಲ ಕಂಡರೆ ಒಂದನ್ನು ಗೂಗಲ್ ನಿಮ್ಮ ಮೇಲ್ ಓದಿ ತಾನೇ ಹಾಕಿರುತ್ತದೆ. ಸೆಟ್ಟಿಂಗ್ಸ್‌ನ Events from Gmail ನಿಲ್ಲಿಸಿದರೆ ಸಾಕು. ನಿಜವಾದ ಡಬಲ್ ಆಗುವುದು ಯಾರೋ ಕಳಿಸಿದ .ics ಎಂಬ ಕ್ಯಾಲೆಂಡರ್ ಫೈಲನ್ನು ಇಂಪೋರ್ಟ್ ಮಾಡಿದಾಗ. ಕಾಂಟ್ಯಾಕ್ಟ್‌ಗೆ ಇದ್ದ ಹಾಗೆ ಗೂಗಲ್ ಕ್ಯಾಲೆಂಡರ್‌ಗೆ ಮರ್ಜ್ ಬಟನ್ ಇಲ್ಲ. ನೂರು ಎಂಟ್ರಿ ಬಂದು ಕೂತರೆ ನೂರನ್ನೂ ಹುಡುಕಿ ತೆಗೆಯಬೇಕು. ಆದ್ದರಿಂದ ಇಂಪೋರ್ಟ್ ಮಾಡುವ ಮುಂಚೆ ಕಂಪ್ಯೂಟರಿನಲ್ಲಿ ಒಂದು ಹೊಸ ಕ್ಯಾಲೆಂಡರ್ ಮಾಡಿ, ಫೈಲನ್ನು ಅದಕ್ಕೆ ಹಾಕಿ. ಸರಿ ಬರಲಿಲ್ಲವೇ, ಆ ಕ್ಯಾಲೆಂಡರನ್ನೇ ಇಡಿಯಾಗಿ ತೆಗೆದುಬಿಡಿ. ಒಂದು ಎಚ್ಚರಿಕೆ: ಬೇರೆಯವರನ್ನು ಕರೆದು ನೀವೇ ಇಟ್ಟ ಮೀಟಿಂಗ್ ಅಳಿಸಿದರೆ ಅವರ ಕ್ಯಾಲೆಂಡರಿನಿಂದಲೂ ಹೋಗುತ್ತದೆ. ಡಬಲ್ ಎಂದು ಅಳಿಸುವ ಮುಂಚೆ ಅದರಲ್ಲಿ ಅತಿಥಿಗಳ ಹೆಸರು ಇದೆಯೇ ನೋಡಿ.

ಮನೆಯಲ್ಲಿ ಯಾರಾದರೂ ಐಫೋನ್ ಬಳಸುತ್ತಿದ್ದರೆ ಅವರಿಗೂ ಇದೇ ಲೆಕ್ಕ. ಅಲ್ಲಿ ಐಕ್ಲೌಡ್ ಒಂದು ಪುಸ್ತಕ, ಜಿಮೇಲ್ ಒಂದು ಪುಸ್ತಕ. ಡಬಲ್ ಇದ್ದರೆ ಕಾಂಟ್ಯಾಕ್ಟ್ ಆಪ್‌ನ ಮೇಲ್ಭಾಗದಲ್ಲಿ Duplicates Found ಎಂದು ತಾನೇ ಹೇಳುತ್ತದೆ. ಐಕ್ಲೌಡ್ ಕಾಂಟ್ಯಾಕ್ಟ್ಸ್ ಆಫ್ ಮಾಡುವಾಗ Keep on My iPhone ಎಂದು ಕೇಳಿದರೆ ಯೋಚಿಸಿ ಒತ್ತಿ. ಅದು ಫೋನಿನಲ್ಲಿ ಇನ್ನೊಂದು ಪ್ರತಿ ಇಟ್ಟುಬಿಡುತ್ತದೆ, ಮತ್ತೆ ಆನ್ ಮಾಡಿದಾಗ ಡಬಲ್ ಶುರುವಾಗುವುದು ಅಲ್ಲಿಂದಲೇ.

ಮುಂದೆ ಹೀಗಾಗದಿರಲು ಎರಡು ಕಡೆ ಗಮನ ಕೊಡಿ. ಮೊದಲನೆಯದು, ಕಾಂಟ್ಯಾಕ್ಟ್ ಆಪ್‌ನ ಸೆಟ್ಟಿಂಗ್‌ನಲ್ಲಿ ಹೊಸ ನಂಬರ್ ಎಲ್ಲಿ ಸೇವ್ ಆಗಬೇಕು ಎಂದು ಕೇಳುವ Default account for new contacts. ಅಲ್ಲಿ ನಿಮ್ಮ ಸ್ವಂತ ಜಿಮೇಲ್ ಇರಲಿ. Device ಎಂದಿದ್ದರೆ ಫೋನ್ ಕಳೆದ ದಿನ ಆ ನಂಬರುಗಳೂ ಕಳೆದ ಹಾಗೆಯೇ. ಎರಡನೆಯದು, ಮುಂದಿನ ಸಲ ಫೋನ್ ಬದಲಿಸುವಾಗ ಜಿಮೇಲ್ ಹಾಕಿದರೆ ಹೆಸರುಗಳು ಬಂದೇ ಬರುತ್ತವೆ. ಅದರ ಮೇಲೆ ಕೇಬಲ್ ಹಾಕಿ ಹಳೆ ಫೋನಿನಿಂದ ಕಾಪಿ ಮಾಡುವಾಗ Contacts ಮೇಲಿನ ಟಿಕ್ ತೆಗೆಯಿರಿ. ಸಿಮ್ ಹಾಕಿದ ಕೂಡಲೇ ಇಂಪೋರ್ಟ್ ಮಾಡಲೇ ಎಂದು ಫೋನ್ ಕೇಳಿದರೆ ಬೇಡ ಅನ್ನಿ. ಡಬಲ್ ಆಗುತ್ತದೆ ಎಂದು ಸಿಂಕನ್ನೇ ಪೂರ್ತಿ ಆಫ್ ಮಾಡಿಡುವವರಿದ್ದಾರೆ. ಹಾಗೆ ಮಾಡಬೇಡಿ, ಆಗ ಹೊಸ ನಂಬರುಗಳಿಗೆ ಬ್ಯಾಕಪ್ ಇರುವುದಿಲ್ಲ.

ಎಲ್ಲ ಮುಗಿದ ಮೇಲೆ ಒಂದು ತಿಂಗಳು ಹಾಗೇ ಬಿಡಿ. ಪೆನ್‌ಡ್ರೈವ್‌ನ ಫೈಲುಗಳು, ಸಿಮ್‌ನ ಹೆಸರುಗಳು, ಫೋನ್ ಮೆಮೊರಿಯ ಪ್ರತಿಗಳು ಯಾವುದನ್ನೂ ತೆಗೆಯಬೇಡಿ, ಕಣ್ಣಿಗೆ ಬೀಳದ ಹಾಗೆ ಮಾಡಿದರೆ ಸಾಕು. ಆ ತಿಂಗಳಲ್ಲಿ ಸಾಲ ವಸೂಲಿ, ಲೋಡ್ ತರಿಸುವುದು, ಮದುವೆ ಕರೆಯೋಲೆ ಎಂದು ಬೇಕಾದ ನಂಬರುಗಳಲ್ಲಿ ಹೆಚ್ಚಿನವನ್ನು ಒಮ್ಮೆ ಹುಡುಕಿರುತ್ತೀರಿ. ಯಾವುದಾದರೂ ಸಿಗದಿದ್ದರೆ ಹಳೆಯ ಪ್ರತಿಯಿಂದ ತೆಗೆದು ಸೇರಿಸಿಕೊಳ್ಳಿ. ಆಮೇಲೆ ಫೋನ್ ಮೆಮೊರಿಯ ಪ್ರತಿ ಅಳಿಸಿ, ಕೊನೆಗೆ ಸಿಮ್‌ನದು. ಅಂಗಡಿ ಜಿಮೇಲ್‌ನದನ್ನು ಮಾತ್ರ ಹುಡುಗನಿಗಾಗಿ ಹಾಗೇ ಇಡಿ.